ಬೆನ್ನು ಸೀಳುವ ನೋವು: ಐಸಿಯುನಲ್ಲಿ ಮೊದಲು ಪಲ್ಸ್ ಇಳಿಸಿ, ಆಮೇಲೆ ಬಿಪಿ ಇಳಿಸೋದು ಯಾಕೆ?

[ಪರದೆ ಮೇಲೆ: ಐಸಿಯು ಮಾನಿಟರ್. ಪಲ್ಸ್ 104, ಬಿಪಿ 196/108]

ನಮಸ್ಕಾರ. ಇವತ್ತು ಅಯೋರ್ಟಿಕ್ ಡಿಸೆಕ್ಷನ್ ಬಗ್ಗೆ ಮಾತಾಡೋಣ. ಹೃದಯದಿಂದ ಹೊರಟು ಇಡೀ ದೇಹಕ್ಕೆ ರಕ್ತ ಒಯ್ಯುವ ದೊಡ್ಡ ರಕ್ತನಾಳ ಇದೆಯಲ್ಲ, ಅದೇ ಅಯೋರ್ಟಾ. ಅದರ ಒಳಪದರ ಹರಿದುಹೋಗುವ ಕಾಯಿಲೆ ಇದು. ಐಸಿಯು ಹೊರಗೆ ಕಾಯುತ್ತಾ ಕೂತವರು ನಮ್ಮನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ. "ಬಿಪಿಯನ್ನು ಇಷ್ಟು ಕೆಳಗೆ ಯಾಕೆ ಇಳಿಸ್ತಿದ್ದೀರಾ ಸಾರ್?" ಇವತ್ತಿನ ವಿಡಿಯೋ ಪೂರ್ತಿ ಆ ಪ್ರಶ್ನೆಗೆ ಉತ್ತರ.

ವಿವರಿಸೋಕೆ ಒಂದು ಕೇಸ್ ಇಟ್ಟುಕೊಳ್ಳೋಣ. ಪಾಂಡವಪುರ ಕಡೆಯ ರೈತರು, ವಯಸ್ಸು 58, ತೂಕ 62 ಕೆಜಿ. ಹಳೇ ಬಿಪಿ ಪೇಷೆಂಟ್. ತಲೆನೋವು ಇಲ್ಲ, ಸುಸ್ತಿಲ್ಲ ಅಂತ ಕೆಲವು ತಿಂಗಳಿಂದ ಮಾತ್ರೆ ಬಿಟ್ಟಿದ್ದಾರೆ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಸು ಕಟ್ಟುತ್ತಿದ್ದಾಗ ಎರಡು ರೆಕ್ಕೆಮೂಳೆಗಳ ನಡುವೆ ನೋವು ಬಂತು. "ಬೆನ್ನು ಸೀಳ್ದಂಗಾಯ್ತು ಕಣವ್ವ" ಅಂತ ಅಲ್ಲೇ ಕೂತುಬಿಟ್ಟರು. ಮೈ ಬೆವರಿತು. ಸ್ವಲ್ಪ ಹೊತ್ತಿಗೆ ನೋವು ಸೊಂಟದ ಕಡೆ ಇಳಿಯಿತು.

ಮನೆಯವರು ಗ್ಯಾಸ್ ಇರಬೇಕು ಅಂತ ಸೋಡಾ ಕುಡಿಸಿದರು. ಪಕ್ಕದ ಮನೆಯವರು ಉಳುಕಿರಬೇಕು, ನೀವಿಸೋಣ ಅಂದರು. ಮಗ ಮಾತ್ರ ಕೇಳಲಿಲ್ಲ, 108ಕ್ಕೆ ಫೋನ್ ಮಾಡಿದ.

ಈ ನೋವಿನಲ್ಲಿ ಗಮನಿಸಬೇಕಾದದ್ದು ಅದು ಶುರುವಾಗುವ ರೀತಿ. ಹಾರ್ಟ್ ಅಟ್ಯಾಕ್ ನೋವು ಸಾಮಾನ್ಯವಾಗಿ ಹಿಂಡಿದ ಹಾಗೆ ಶುರುವಾಗಿ ನಿಮಿಷಗಳಲ್ಲಿ ಏರುತ್ತದೆ. ಇದು ಹಾಗಲ್ಲ. ಬಂದ ಕ್ಷಣದಲ್ಲೇ ಪೂರ್ತಿ ಜೋರಾಗಿರುತ್ತದೆ. ಎದೆಯಲ್ಲಿ ಬರಬಹುದು, ಬೆನ್ನಲ್ಲಿ ಬರಬಹುದು, ಸೀಳು ಮುಂದೆ ಹೋದ ಹಾಗೆ ನೋವೂ ಜಾಗ ಬದಲಿಸಬಹುದು. ಎಲ್ಲರಿಗೂ ಹೀಗೇ ಬರುತ್ತದೆ ಅಂತಲ್ಲ. ಕೆಲವರು ತಲೆತಿರುಗಿ ಬಿದ್ದು ಬರುತ್ತಾರೆ, ಕೆಲವರು ಕೈಕಾಲು ಸ್ವಾಧೀನ ಇಲ್ಲ ಅಂತ ಬರುತ್ತಾರೆ. ಆದರೆ "ಶುರುವಾದ ಸೆಕೆಂಡಿಗೇ ತಡೆಯೋಕೆ ಆಗಲಿಲ್ಲ" ಅಂತ ಯಾರಾದರೂ ಹೇಳಿದರೆ ನಮ್ಮ ಕಿವಿ ನೆಟ್ಟಗಾಗುತ್ತದೆ.

[ಪರದೆ ಮೇಲೆ: ಬಲಗೈ 196/108. ಎಡಗೈ 158/94]

ಮಂಡ್ಯದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಅದರಲ್ಲಿ ಹಾರ್ಟ್ ಅಟ್ಯಾಕ್ ಕಾಣಲಿಲ್ಲ. ಡ್ಯೂಟಿ ಡಾಕ್ಟರ್ ಎರಡೂ ಕೈಯಲ್ಲಿ ಬಿಪಿ ನೋಡಿದರು. ಬಲಗೈಗೂ ಎಡಗೈಗೂ 38ರಷ್ಟು ವ್ಯತ್ಯಾಸ. 20ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದು, ನೋವಿನ ಕಥೆಯೂ ಹೀಗಿದ್ದರೆ ಅಯೋರ್ಟಾ ಹರಿದಿದೆಯಾ ಅಂತ ನೋಡಲೇಬೇಕು. ಅದಕ್ಕೇ ಅವರು ರಕ್ತ ತೆಳು ಮಾಡುವ ಔಷಧಿ ಯಾವುದನ್ನೂ ಕೊಡದೆ ಸಿಟಿ ಆಂಜಿಯೋಗ್ರಾಂಗೆ ಕಳಿಸಿದರು. ಇದು ದೊಡ್ಡ ನಿರ್ಧಾರ. ಹಾರ್ಟ್ ಅಟ್ಯಾಕ್‌ಗೆ ಕೊಡುವ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಈಗ ತಾಲ್ಲೂಕು ಆಸ್ಪತ್ರೆಗಳಲ್ಲೂ ಸಿಗುತ್ತದೆ. ಸರಿಯಾದ ಪೇಷೆಂಟ್‌ಗೆ ಅದು ಜೀವ ಉಳಿಸುತ್ತದೆ. ಅಯೋರ್ಟಾ ಹರಿದವರಿಗೆ ಅದನ್ನೇ ಕೊಟ್ಟರೆ ರಕ್ತಸ್ರಾವ ನಿಲ್ಲಿಸೋದು ತುಂಬಾ ಕಷ್ಟ.

[ಪರದೆ ಮೇಲೆ: ಅಯೋರ್ಟಾದ ಚಿತ್ರ. ಮೂರು ಪದರ, ಒಳಪದರದಲ್ಲಿ ಒಂದು ಬಿರುಕು]

ಒಳಗೆ ಏನಾಗಿದೆ ಅಂತ ನೋಡಿ. ಅಯೋರ್ಟಾದ ಗೋಡೆಗೆ ಮೂರು ಪದರ. ವಿ.ಸಿ. ನಾಲೆಯ ಕಾಂಕ್ರೀಟ್ ಲೈನಿಂಗ್ ಒಂದು ಕಡೆ ಬಿರುಕು ಬಿಟ್ಟರೆ ನೀರು ಅದರ ಹಿಂದೆ ನುಗ್ಗಿ, ಲೈನಿಂಗನ್ನು ಎಬ್ಬಿಸಿಕೊಂಡು ಮುಂದೆ ಹೋಗುತ್ತದಲ್ಲ, ಇಲ್ಲಿ ರಕ್ತವೂ ಹಾಗೇ ಮಾಡುತ್ತದೆ. ಒಳಪದರದ ಬಿರುಕಿನಿಂದ ನಡುಪದರಕ್ಕೆ ನುಗ್ಗಿ ತನ್ನದೇ ಒಂದು ಸುಳ್ಳು ದಾರಿ ಮಾಡಿಕೊಳ್ಳುತ್ತದೆ. ಆ ಸುಳ್ಳು ದಾರಿ ಉಬ್ಬಿ ಕರುಳು, ಕಿಡ್ನಿ, ಕಾಲಿಗೆ ಹೋಗುವ ಕವಲುಗಳ ಬಾಯಿ ಮುಚ್ಚಬಹುದು. ಹೊರಪದರವೂ ಒಡೆದರೆ ಪೇಷೆಂಟ್ ಉಳಿಯೋದು ಅಪರೂಪ.

ಸೀಳು ಎಲ್ಲಿದೆ ಅನ್ನೋದರ ಮೇಲೆ ಮುಂದಿನದೆಲ್ಲ ನಿಂತಿದೆ. ಹೃದಯದಿಂದ ಮೇಲಕ್ಕೆ ಏರುವ ಭಾಗ ಹರಿದಿದ್ದರೆ ಅದು ಟೈಪ್ ಎ. ತಕ್ಷಣ ಎದೆ ತೆರೆದು ಆಪರೇಷನ್ ಮಾಡಬೇಕು. ಸುಮ್ನೆ ಬಿಟ್ಟರೆ ಮೊದಲ ಎರಡು ದಿನ ಗಂಟೆಗೆ ನೂರರಲ್ಲಿ ಒಬ್ಬರು ಇಬ್ಬರು ಸಾಯುತ್ತಾರೆ ಅಂತ ಹಿಂದಿನಿಂದ ಹೇಳಿಕೊಂಡು ಬಂದ ಲೆಕ್ಕ. ಏರುವ ಭಾಗ ಚೆನ್ನಾಗಿದ್ದು, ಬೆನ್ನಿನ ಕಡೆ ಇಳಿಯುವ ಭಾಗ ಮಾತ್ರ ಹರಿದಿದ್ದರೆ ಟೈಪ್ ಬಿ. ಅದಕ್ಕೆ ಮೊದಲ ಚಿಕಿತ್ಸೆ ಔಷಧಿ. ನಮ್ಮ ರೈತರದ್ದು ಟೈಪ್ ಬಿ. ಎಡಗೈಗೆ ಹೋಗುವ ಕವಲಿನ ಹತ್ತಿರ ಶುರುವಾಗಿ ಆ ಕವಲಿನ ಬಾಯಿಯನ್ನೂ ಸ್ವಲ್ಪ ಒತ್ತಿದೆ. ಎಡಗೈ ಬಿಪಿ ಕಮ್ಮಿ ಬಂದಿದ್ದು ಅದಕ್ಕೇ. ಕಿಡ್ನಿ ಮತ್ತು ಕರುಳಿಗೆ ರಕ್ತ ಹೋಗುತ್ತಿದೆ. ಅವರನ್ನು ಮೈಸೂರಿಗೆ ಕಳಿಸಿದರು.

ಈಗ ಐಸಿಯು ಒಳಗೆ ಬನ್ನಿ. ಗುರಿ ಎರಡು. ಪಲ್ಸ್ ನಿಮಿಷಕ್ಕೆ 60ಕ್ಕಿಂತ ಕೆಳಗೆ ಬರಬೇಕು, ಮೇಲಿನ ಬಿಪಿ 100ರಿಂದ 120ರೊಳಗೆ ನಿಲ್ಲಬೇಕು. ಇದರಲ್ಲಿ ಪಲ್ಸ್ ಮೊದಲು.

ಯಾಕೆ ಅಂದರೆ, ಸೀಳನ್ನು ಮುಂದೆ ತಳ್ಳೋದು ಬಿಪಿಯ ನಂಬರ್ ಒಂದೇ ಅಲ್ಲ. ಪ್ರತಿ ಬಡಿತದಲ್ಲಿ ಒತ್ತಡ ಎಷ್ಟು ಬೇಗ, ಎಷ್ಟು ಜೋರಾಗಿ ಏರುತ್ತದೆ ಅನ್ನೋದು ಮುಖ್ಯ. 1965ರಲ್ಲಿ ಅಮೆರಿಕದ ಸರ್ಜನ್ ಮೈರನ್ ವ್ಹೀಟ್ ಮತ್ತು ಜೊತೆಗಾರರು ಇದಕ್ಕೆ ಆಪರೇಷನ್ ಇಲ್ಲದೆ ಔಷಧಿಯಲ್ಲೇ ಚಿಕಿತ್ಸೆ ಕೊಟ್ಟಿದ್ದನ್ನು ಪ್ರಕಟಿಸಿದರು. 1970ರಲ್ಲಿ ಅದೇ ಗುಂಪು ಪ್ಲಾಸ್ಟಿಕ್ ಕೊಳವೆಗಳಲ್ಲೂ ನಾಯಿಯ ಅಯೋರ್ಟಾದಲ್ಲೂ ಪ್ರಯೋಗ ಮಾಡಿ ತೋರಿಸಿತು. ಒಂದೇ ಸಮನೆ ಹರಿಯುವ ದ್ರವದ ಒತ್ತಡ ಏರಿಸಿದರೂ ಸೀಳು ಹಬ್ಬಲಿಲ್ಲ. ಬಡಿತ ಬಡಿತವಾಗಿ ನುಗ್ಗಿಸಿದಾಗ ಹಬ್ಬಿತು. ನನಗೆ ಈ ಕಾಯಿಲೆಯ ಚರಿತ್ರೆಯಲ್ಲೇ ತುಂಬಾ ಇಷ್ಟವಾದ ಪ್ರಯೋಗ ಇದು. ಇವತ್ತು ಐಸಿಯುನಲ್ಲಿ ನಾವು ಮಾಡೋದೆಲ್ಲ ಅದೇ ಯೋಚನೆಯ ಮುಂದುವರಿಕೆ.

[ಪರದೆ ಮೇಲೆ: ಎರಡು ಗೆರೆ. ಮೇಲೆ ಪಲ್ಸ್, ಕೆಳಗೆ ಬಿಪಿ]

ರಕ್ತನಾಳ ಅಗಲ ಮಾಡುವ ಔಷಧಿಯನ್ನೇ ಮೊದಲು ಕೊಟ್ಟುಬಿಟ್ಟರೆ ಏನಾಗುತ್ತದೆ? ಬಿಪಿ ಇಳಿಯುತ್ತದೆ, ಮಾನಿಟರ್ ನೋಡಿದವರಿಗೆ ಸಮಾಧಾನ. ಆದರೆ ಬಿಪಿ ಬಿತ್ತು ಅಂತ ಗೊತ್ತಾದ ಕೂಡಲೇ ದೇಹ ಹೃದಯವನ್ನು ಓಡಿಸುತ್ತದೆ. 104 ಇದ್ದ ಪಲ್ಸ್ 125ಕ್ಕೆ ಹೋಗಬಹುದು, ಪ್ರತಿ ಬಡಿತವೂ ಇನ್ನಷ್ಟು ಜೋರಾಗುತ್ತದೆ. ನಂಬರ್ ಚೆನ್ನಾಗಿ ಕಾಣುವಾಗಲೇ ಒಳಗೆ ಸೀಳು ಹಬ್ಬುತ್ತಿರಬಹುದು.

ಅದಕ್ಕೆ ಮೊದಲು ನೋವು ಕಮ್ಮಿ ಮಾಡಿದರು. ಫೆಂಟಾನಿಲ್ ಕೊಟ್ಟ ಮೇಲೆ ಪಲ್ಸ್ 94ಕ್ಕೆ ಬಂತು. ನೋವೇ ಪಲ್ಸನ್ನೂ ಬಿಪಿಯನ್ನೂ ಏರಿಸುತ್ತದೆ, ಹಾಗಾಗಿ ಇಲ್ಲಿ ನೋವಿನ ಔಷಧಿ ಬರೀ ಆರಾಮಕ್ಕಲ್ಲ. ಆಮೇಲೆ ಎಸ್ಮೊಲಾಲ್, ಅಂದರೆ ಹೃದಯದ ಬಡಿತವನ್ನು ನಿಧಾನ ಮತ್ತು ಮೆತ್ತಗೆ ಮಾಡುವ ಬೀಟಾ ಬ್ಲಾಕರ್. ಮೊದಲ ಡೋಸ್ ಕೆಜಿಗೆ 500 ಮೈಕ್ರೋಗ್ರಾಂ, ಇವರ ತೂಕಕ್ಕೆ ಸುಮಾರು 31 ಮಿಲಿಗ್ರಾಂ. ನಂತರ ಸಿರಿಂಜ್ ಪಂಪ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ ಹೋದರು. ಪಲ್ಸ್ 72 ಆಯಿತು, ಆಮೇಲೆ 58. ಬಿಪಿ 138ರಲ್ಲಿ ನಿಂತಿತು. ಆಗ ಮಾತ್ರ ರಕ್ತನಾಳ ಅಗಲ ಮಾಡುವ ಎರಡನೇ ಔಷಧಿ ಶುರು ಮಾಡಿದರು. ಬಿಪಿ 112. ಕೆಲವು ಕಡೆ ಎರಡೂ ಕೆಲಸ ಮಾಡುವ ಲಾಬೆಟಲಾಲ್ ಒಂದನ್ನೇ ಕೊಡುತ್ತಾರೆ. ಜೋರು ಆಸ್ತಮಾ ಇದ್ದು ಬೀಟಾ ಬ್ಲಾಕರ್ ಆಗದವರಿಗೆ ಡಿಲ್ಟಿಯಜೆಮ್ ಇದೆ.

ಬಿಪಿ ನೋಡೋದು ಬಲಗೈ ಮಣಿಕಟ್ಟಿನ ರಕ್ತನಾಳಕ್ಕೆ ಹಾಕಿದ ಸಣ್ಣ ಟ್ಯೂಬ್‌ನಿಂದ, ಪ್ರತಿ ಬಡಿತಕ್ಕೂ. ಬಲಗೈಯೇ ಯಾಕೆ? ಎಡಗೈ ನಂಬರ್ ನಂಬಿದ್ದರೆ ನಿಜವಾದ ಬಿಪಿ 150 ಇರುವಾಗ 112 ಅಂತ ಖುಷಿಪಡುತ್ತಿದ್ದೆವು. ಜಾಸ್ತಿ ತೋರಿಸುವ ಕೈಯೇ ಸತ್ಯ ಹೇಳುವ ಕೈ.

ಮಗ ಕೇಳಿದ. "ಸಾರ್, ನಮ್ಮಪ್ಪಂಗೆ ಬಿಪಿ ಯಾವಾಗ್ಲೂ 160ರ ಮೇಲೇ ಇರ್ತಿತ್ತು. 110 ಅಂದ್ರೆ ಕಮ್ಮಿ ಆಗಲ್ವಾ?" ಒಳ್ಳೇ ಪ್ರಶ್ನೆ. ವರ್ಷಗಟ್ಟಲೆ ಜಾಸ್ತಿ ಬಿಪಿಗೆ ಒಗ್ಗಿದ ಮಿದುಳು, ಕಿಡ್ನಿಗೆ ಇದು ನಿಜವಾಗಿಯೂ ಕಮ್ಮಿ ಆಗಬಹುದು. ಹಾಗಾಗಿ 112 ಬಂತು ಅಂತ ಸುಮ್ನೆ ಕೂರೋದಿಲ್ಲ. ಮಾತು ಸರಿಯಾಗಿ ಆಡುತ್ತಾರಾ, ಎರಡೂ ಕಾಲು ಬೆಚ್ಚಗಿದೆಯಾ, ಕಾಲು ಎತ್ತುತ್ತಾರಾ ಅಂತ ಮತ್ತೆ ಮತ್ತೆ ನೋಡುತ್ತೇವೆ. ಮೂತ್ರ ಗಂಟೆಗೆ ಕೆಜಿಗೆ ಅರ್ಧ ಎಂಎಲ್, ಇವರಿಗೆ ಸುಮಾರು 30 ಎಂಎಲ್ ಬರಬೇಕು. ಅದು ಇಳಿದರೆ ಗುರಿಯನ್ನೇ ಸ್ವಲ್ಪ ಮೇಲಕ್ಕೆ ಸರಿಸಬೇಕಾಗಬಹುದು, ಅಥವಾ ಕಿಡ್ನಿಯ ಕವಲು ಮುಚ್ಚಿತಾ ಅಂತ ಹುಡುಕಬೇಕಾಗಬಹುದು. ಬರುವಾಗಲೇ ಬಿಪಿ ಬಿದ್ದು ಬಂದವರ ಲೆಕ್ಕ ಬೇರೆಯೇ. ಹೃದಯದ ಸುತ್ತ ರಕ್ತ ತುಂಬಿರಬಹುದು. ಅವರಿಗೆ ಬಿಪಿ ಇಳಿಸುವ ಔಷಧಿ ಕೊಡಬಾರದು, ಆಪರೇಷನ್ ಥಿಯೇಟರ್‌ಗೆ ಓಡಬೇಕು.

ಅವತ್ತು ರಾತ್ರಿ ಎರಡು ಗಂಟೆಗೆ ಅಲಾರಂ. ಪಲ್ಸ್ 58ರಿಂದ 88, ಬಿಪಿ 146. ನರ್ಸ್ ಮೊದಲು ಪೇಷೆಂಟ್ ಮುಖ ನೋಡಿದರು. "ನೋವಿದೆಯಾ ಅಪ್ಪಾ?" ಇಲ್ಲ ಅಂದರು. ಕಾಲು ಬೆಚ್ಚಗಿದೆ. ಆಮೇಲೆ ಪಂಪ್ ನೋಡಿದರೆ ಸಿರಿಂಜ್ ಬದಲಿಸುವಾಗ ಲೈನ್‌ನ ಕ್ಲಿಪ್ ಮುಚ್ಚಿಕೊಂಡೇ ಉಳಿದಿತ್ತು. ರಕ್ತದಲ್ಲಿರುವ ಎಸ್ಮೊಲಾಲ್ ಸುಮಾರು 9 ನಿಮಿಷಕ್ಕೆ ಅರ್ಧ ಆಗುತ್ತದೆ. ಬೇಡ ಅಂದಾಗ ಬೇಗ ಹೋಗುತ್ತದೆ ಅನ್ನೋದು ಅದರ ಒಳ್ಳೇ ಗುಣ, ನಿಂತರೆ ಅಷ್ಟೇ ಬೇಗ ಪಲ್ಸ್ ಏರುತ್ತದೆ ಅನ್ನೋದು ಅದರ ಅಪಾಯ. ಕ್ಲಿಪ್ ತೆಗೆದು ಮತ್ತೆ ಔಷಧಿ ಹರಿಸಿದರು. ಸ್ವಲ್ಪ ಹೊತ್ತಿಗೆ ಪಲ್ಸ್ 60.

ಅವರು ನೋವಿದೆ ಅಂದಿದ್ದರೆ ಕಥೆ ಬೇರೆ. ಪಲ್ಸ್, ಬಿಪಿ ಎರಡೂ ಹಿಡಿತದಲ್ಲಿದ್ದೂ ನೋವು ವಾಪಸ್ ಬಂದರೆ, ಹೊಟ್ಟೆ ನೋವು ಶುರುವಾದರೆ, ಒಂದು ಕಾಲು ತಣ್ಣಗಾದರೆ, ಮತ್ತೆ ಸಿಟಿ ಮಾಡಬೇಕು. ಆಗ ತೊಡೆಯ ರಕ್ತನಾಳದಿಂದ ಬಟ್ಟೆ ಹೊದಿಸಿದ ಸ್ಟೆಂಟ್ ಕಳಿಸಿ ಬಿರುಕಿನ ಬಾಯಿ ಮುಚ್ಚುತ್ತಾರೆ. ಟೈಪ್ ಬಿ ಅಂದರೆ ಔಷಧಿ ಸಾಕು ಅಂತ ಮೈಮರೆಯುವ ಹಾಗಿಲ್ಲ.

ಇನ್ನೊಂದು ಮಾತು, ಇದು ನೋಡೋಕೆ ಬರುವವರಿಗೆ. ಎರಡನೇ ದಿನ ಸಂಬಂಧಿಕರೊಬ್ಬರು ಬಂದು ಕಬ್ಬು ಕಟಾವಿನ ಆಳು ಕೈಕೊಟ್ಟ ವಿಷಯ ತೆಗೆದರು. ಮಾನಿಟರ್‌ನಲ್ಲಿ 60 ಇದ್ದ ಪಲ್ಸ್ ನಮ್ಮ ಕಣ್ಣೆದುರೇ 80 ದಾಟಿತು. ದಯವಿಟ್ಟು ಒಬ್ಬೊಬ್ಬರೇ ಬನ್ನಿ, ಮನೆ ತಾಪತ್ರಯ ಹೊರಗೇ ಇಡಿ. ಮೋಷನ್‌ಗೆ ತಿಣುಕಬಾರದು, ಅದಕ್ಕೇ ಮಲ ಸಡಿಲ ಮಾಡುವ ಔಷಧಿ ಕೊಟ್ಟಿರುತ್ತೇವೆ. ಅವರಾಗಿಯೇ ಎದ್ದು ಬಾತ್‌ರೂಮಿಗೆ ಹೋಗೋಕೆ ನೀವು ಸಹಾಯ ಮಾಡಬೇಡಿ, ನರ್ಸ್ ಕರೆಯಿರಿ.

[ಪರದೆ ಮೇಲೆ: ಡಿಸ್ಚಾರ್ಜ್ ಚೀಟಿ]

ಪಂಪ್‌ನಿಂದ ಮಾತ್ರೆಗೆ ಬದಲಾಯಿಸೋದು ನಿಧಾನದ ಕೆಲಸ. ಒಂದು ಇಳಿಸುತ್ತಾ ಇನ್ನೊಂದು ಏರಿಸಬೇಕು. ಇವರು ಮನೆಗೆ ಹೊರಟಾಗ ಕೈಯಲ್ಲಿ ಮೂರು ಬಗೆಯ ಬಿಪಿ ಮಾತ್ರೆ ಇತ್ತು, ಅದರಲ್ಲಿ ಮೆಟೊಪ್ರೊಲಾಲ್ ಒಂದು. ಮನೆಯಲ್ಲಿ ಬಿಪಿ 130/80ಕ್ಕಿಂತ ಕೆಳಗಿರಬೇಕು. ಮೆಟೊಪ್ರೊಲಾಲನ್ನು ದಿಢೀರ್ ಅಂತ ನಿಲ್ಲಿಸಿದರೆ ಪಲ್ಸ್ ಮತ್ತು ಬಿಪಿ ಮೊದಲಿಗಿಂತ ಜೋರಾಗಿ ಏರಬಹುದು, ಹಾಗಾಗಿ ಮಾತ್ರೆ ಖಾಲಿಯಾಗುವ ಮೊದಲೇ ತಂದಿಡಬೇಕು. ಬೀಡಿ ಪೂರ್ತಿ ಬಂದ್. ಗೊಬ್ಬರದ ಮೂಟೆ, ಪಂಪ್‌ಸೆಟ್ ಎತ್ತೋದು ಬೇಡ, ದಿನಾ ನಡೆಯೋದು ಒಳ್ಳೇದು.

ಸುಳ್ಳು ದಾರಿ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ, ವರ್ಷಗಳಲ್ಲಿ ಉಬ್ಬಬಹುದು. ಅದು ನೋವು ಕೊಡದೆಯೇ ಉಬ್ಬುತ್ತದೆ, ಸ್ಕ್ಯಾನ್‌ನಲ್ಲಿ ಮಾತ್ರ ಕಾಣುತ್ತದೆ. ಇವರಿಗೆ ಒಂದು ತಿಂಗಳು, ಆರು ತಿಂಗಳು, ಒಂದು ವರ್ಷಕ್ಕೆ ಸಿಟಿ ಬರೆದಿದ್ದೇವೆ, ಆಮೇಲೆ ವರ್ಷಕ್ಕೊಂದು ಸಲ. ಹಳೇ ಸಿಟಿಯ ಸಿಡಿಯನ್ನು ಪ್ರತಿ ಸಲ ತನ್ನಿ, ಅಳತೆ ಹೋಲಿಸಿ ನೋಡೋಕೆ ಅದೇ ಬೇಕು.