ಪುಸ್ತಕಕ್ಕೆ ಪೆನ್ನು, ಬಾಟಲಿಗೆ ಪೆನ್ಸಿಲ್: ಲ್ಯಾಬ್‌ನಲ್ಲಿ ಯಾಕೆ ಈ ಉಲ್ಟಾ ರೂಲ್?

[ಕ್ಯಾಮೆರಾ ಮುಂದೆ. ಮೇಜಿನ ಮೇಲೆ ಎರಡು ಪ್ಲಾಸ್ಟಿಕ್ ಬಾಟಲಿ, ಒಂದು ಮಾರ್ಕರ್, ಒಂದು ಪೆನ್ಸಿಲ್, ದಪ್ಪ ಬೈಂಡ್ ಮಾಡಿದ ಪುಸ್ತಕ.]

ನಮಸ್ಕಾರ. ಶ್ರೀನಿವಾಸಪುರದ ಕಡೆಯ ಒಬ್ಬ ಬಿಎಸ್ಸಿ ಹುಡುಗಿ ಕಳಿಸಿದ ಪ್ರಶ್ನೆ ಇದು. ಕೋಲಾರದಲ್ಲಿ ನೀರು ಪರೀಕ್ಷೆ ಮಾಡೋ ಲ್ಯಾಬ್‌ಗೆ ಇಂಟರ್ನ್‌ಶಿಪ್‌ಗೆ ಸೇರಿದ್ದಾಳೆ. ಮೊದಲನೇ ದಿನ ನೋಟ್‌ಬುಕ್‌ನಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದಕ್ಕೆ ಮೇಡಂ ಬೈದರಂತೆ. ಮಾರನೇ ದಿನ ಬಾಟಲಿ ಮೇಲೆ ಪೆನ್ನಿನಲ್ಲಿ ಬರೆದಿದ್ದಕ್ಕೂ ಬೈದರಂತೆ. "ಅಣ್ಣಾ, ಇವರಿಗೆ ಏನು ಬೇಕು ಅಂತಾನೇ ಗೊತ್ತಾಗ್ತಿಲ್ಲ" ಅಂತ ಬರೆದಿದ್ದಾಳೆ.

ಮೇಡಂ ಎರಡು ಸಲವೂ ಸರಿಯಾಗೇ ಬೈದಿದ್ದಾರಮ್ಮ. ಯಾಕೆ ಅಂತ ಹೇಳ್ತೀನಿ.

ಬೇಸಿಕ್ಸ್ ಬೇಗ ಮುಗಿಸ್ತೀನಿ. ನಮ್ಮ ಕಡೆ ಬಂಡೆ ಗ್ರಾನೈಟ್ ಜಾತಿದು, ಬೋರ್‌ವೆಲ್ ಆಳದ್ದು, ಅದಕ್ಕೇ ನೀರಲ್ಲಿ ಫ್ಲೋರೈಡ್. ಕುಡಿಯೋ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳೋದು ಲೀಟರ್‌ಗೆ 1 ಮಿಲಿಗ್ರಾಂ. ಬೇರೆ ನೀರಿನ ಮೂಲವೇ ಇಲ್ಲ ಅಂದ್ರೆ 1.5 ತನಕ ನಡೆಯುತ್ತೆ. ಅದಕ್ಕಿಂತ ಮೇಲೆ ಹೋದ್ರೆ ಮೊದಲು ಹಲ್ಲಿಗೆ, ಆಮೇಲೆ ಮೂಳೆಗೆ. ಇಷ್ಟು ನಿಮಗೆ ಗೊತ್ತಿರೋದೇ.

ಈಗ ಬಾಟಲಿ ವಿಷಯ. ಇದು ನನ್ನ ಫೇವರಿಟ್ ಭಾಗ, ಸ್ವಲ್ಪ ಹೊತ್ತು ಇಲ್ಲೇ ನಿಲ್ತೀನಿ.

[ಕ್ಲೋಸಪ್: ಬಾಟಲಿ ಮೇಲೆ ಮಾರ್ಕರ್‌ನಲ್ಲಿ ಬರೆಯುವ ಕೈ.]

ಇದು ಪರ್ಮನೆಂಟ್ ಮಾರ್ಕರ್. ಬರೆದೆ. ನೀರು ಹಾಕಿ ಉಜ್ಜಿದೆ, ಹೋಗ್ಲಿಲ್ಲ. ಈಗ ಲ್ಯಾಬ್‌ನಲ್ಲಿ ಪ್ರತಿ ಟೇಬಲ್ ಮೇಲೂ ಇರೋ ಶೇಕಡಾ 70ರ ಆಲ್ಕೋಹಾಲ್ ಹತ್ತಿಗೆ ಹಾಕ್ಕೊಂಡು ಒಂದೇ ಸಲ ಒರೆಸ್ತೀನಿ.

[ಬರಹ ಪೂರ್ತಿ ಅಳಿಸಿಹೋಗಿದೆ. ಹತ್ತಿ ಕಪ್ಪಾಗಿದೆ. ಎರಡು ಸೆಕೆಂಡ್ ಮೌನ.]

ಪರ್ಮನೆಂಟ್ ಅಂತೆ!

ಆ ಶಾಯಿಯನ್ನ ತಯಾರಿಸೋದೇ ಆಲ್ಕೋಹಾಲ್ ಥರದ ದ್ರವದಲ್ಲಿ ಬಣ್ಣ ಮತ್ತೆ ಅಂಟು ಕರಗಿಸಿ. ಬರೆದ ಮೇಲೆ ದ್ರವ ಆರಿಹೋಗುತ್ತೆ, ಬಣ್ಣ ಅಂಟ್ಕೊಳ್ಳುತ್ತೆ. ಮತ್ತೆ ಆಲ್ಕೋಹಾಲ್ ತಾಗಿಸಿದ್ರೆ ಮತ್ತೆ ಕರಗುತ್ತೆ. ಇದರಲ್ಲಿ ತಮಾಷೆ ಏನು ಗೊತ್ತಾ? ಅದೇ ನೀರಲ್ಲಿ ಬ್ಯಾಕ್ಟೀರಿಯಾ ಪರೀಕ್ಷೆನೂ ಮಾಡೋದಿದ್ರೆ, ಶುರು ಮಾಡೋ ಮುಂಚೆ ಕೈ, ಟೇಬಲ್, ಬಾಟಲಿಯ ಹೊರಮೈ ಎಲ್ಲ ಆಲ್ಕೋಹಾಲ್‌ನಿಂದ ಒರೆಸಬೇಕು. ಸೇಫ್ಟಿ ರೂಲನ್ನ ಚಾಚೂ ತಪ್ಪದೆ ಪಾಲಿಸೋ ಇಂಟರ್ನೇ ತನ್ನ ಲೇಬಲನ್ನ ತಾನೇ ಅಳಿಸಿ ಹಾಕ್ತಾನೆ. ಸೋಮಾರಿಯ ಬಾಟಲಿ ಮೇಲೆ ಹೆಸರು ಹಾಗೇ ಇರುತ್ತೆ!

ಬಾಲ್ ಪೆನ್ನೂ ಅಷ್ಟೇ, ನೀರಿಗೆ ಜಗ್ಗಲ್ಲ, ಆಲ್ಕೋಹಾಲ್‌ಗೆ ಹರಡುತ್ತೆ. ಹಲವು ಜೆಲ್ ಪೆನ್ನುಗಳು ಐಸ್‌ಬಾಕ್ಸ್ ಒಳಗಿನ ತೇವಕ್ಕೇ ಕರಗಿ ಹೋಗ್ತವೆ. ಪೆನ್ಸಿಲ್? ಅದು ಗ್ರಾಫೈಟ್, ಅಂದ್ರೆ ಕಾರ್ಬನ್. ನೀರಲ್ಲೂ ಕರಗಲ್ಲ, ಆಲ್ಕೋಹಾಲ್‌ನಲ್ಲೂ ಕರಗಲ್ಲ. ಅದಕ್ಕೇ ಬಾಟಲಿಗೆ ಕಾಗದದ ಟೇಪ್ ಸುತ್ತಿ, ಪೆನ್ಸಿಲ್‌ನಲ್ಲಿ ಬರೆದು, ಮೇಲೆ ಪಾರದರ್ಶಕ ಟೇಪ್ ಅಂಟಿಸೋದು. ಟೇಪ್ ಅಂಟಿಸೋದು ಬಾಟಲಿ ಒಣಗಿರುವಾಗ, ನೀರು ತುಂಬೋಕೆ ಮುಂಚೆ. ಒದ್ದೆ ಬಾಟಲಿಗೆ ಅಂಟಿಸಿದ್ದು ಲ್ಯಾಬ್ ಸೇರೋ ಹೊತ್ತಿಗೆ ಐಸ್‌ಬಾಕ್ಸ್ ತಳದಲ್ಲಿ ತೇಲ್ತಿರುತ್ತೆ.

ಇನ್ನೊಂದು. ಲೇಬಲ್ ಬಾಟಲಿಯ ಮೈ ಮೇಲೆ ಇರಬೇಕು, ಮುಚ್ಚಳದ ಮೇಲಲ್ಲ. ಕೋಲಾರದ ಟೊಮೆಟೊ ಮಂಡಿಯಲ್ಲಿ ರೈತನ ಹೆಸರನ್ನ ಕ್ರೇಟ್ ಬಿಟ್ಟು ಮೇಲೆ ಮುಚ್ಚಿದ ಗೋಣಿ ಮೇಲೆ ಬರೆದ್ರೆ ಏನಾಗುತ್ತೆ ಹೇಳಿ. ಗೋಣಿ ತೆಗೆದು ಪಕ್ಕಕ್ಕಿಟ್ಟ ತಕ್ಷಣ ಯಾರ ಮಾಲಿಗೆ ಯಾರಿಗೋ ದುಡ್ಡು. ಮುಚ್ಚಳದ್ದೂ ಅದೇ ಕಥೆ. ಎರಡು ಬಾಟಲಿ ಒಟ್ಟಿಗೆ ತೆಗೆದು, ಎರಡು ಮುಚ್ಚಳ ಟೇಬಲ್ ಮೇಲಿಟ್ಟು, ವಾಪಸ್ ಹಾಕೋವಾಗ ಅದಲು ಬದಲಾದ್ರೆ, ಒಂದೂರಿನ ಒಳ್ಳೆ ಬೋರ್‌ವೆಲ್‌ಗೆ ಬೀಗ, ಇನ್ನೊಂದೂರಿನ ಮಕ್ಕಳಿಗೆ ಫ್ಲೋರೈಡ್ ನೀರು.

[ಸ್ಕ್ರೀನ್ ಮೇಲೆ ಲೇಬಲ್: "ಮು-02-ಎ / ಶಾಲೆ ಪಕ್ಕದ ಬೋರ್‌ವೆಲ್ / 6 ನವೆಂಬರ್, ಬೆಳಗ್ಗೆ 7:40 / ಫ್ಲೋರೈಡ್, ಆಸಿಡ್ ಹಾಕಿಲ್ಲ / ಸಹಿ"]

ಮುಳಬಾಗಿಲು ಕಡೆಯ ಒಂದು ಊರು ಅಂದ್ಕೊಳ್ಳಿ. ತಿಂಗಳ ಹೆಸರು ಅಕ್ಷರದಲ್ಲಿದೆ ನೋಡಿ. 6/11 ಅಂತ ಬರೆದ್ರೆ ಯಾರೋ ಒಬ್ಬರು ಜೂನ್ 11 ಅಂತಲೂ ಓದಿಯಾರು. "ಆಸಿಡ್ ಹಾಕಿಲ್ಲ" ಅನ್ನೋ ಸಾಲು ಯಾಕೆ? ಅದೇ ಬೋರ್‌ವೆಲ್‌ನಿಂದ ಲೋಹಗಳ ಪರೀಕ್ಷೆಗೆ ಇನ್ನೊಂದು ಬಾಟಲಿ ತುಂಬ್ತಾರೆ, ಅದಕ್ಕೆ ನೈಟ್ರಿಕ್ ಆಸಿಡ್ ಬೀಳುತ್ತೆ. ಫ್ಲೋರೈಡ್ ಬಾಟಲಿಗೆ ಅದು ಬೀಳಬಾರದು. ಆಸಿಡ್‌ನಲ್ಲಿ ಫ್ಲೋರೈಡ್ ಹೈಡ್ರೋಜನ್ ಜೊತೆ ಸೇರ್ಕೊಂಡ್ರೆ ನಮ್ಮ ಮೀಟರ್ ಕಣ್ಣಿಗೆ ಬೀಳಲ್ಲ. ಕಣ್ಣಿಗೆ ನೋಡಿದ್ರೆ ಎರಡು ಬಾಟಲಿಯೂ ಒಂದೇ, ಎರಡೂ ಬರೀ ನೀರು.

ಸರಿ, ಪುಸ್ತಕಕ್ಕೆ ಬರೋಣ. ಇಲ್ಲಿ ನಮ್ಮ ಕಾಲೇಜಿನ ಅಭ್ಯಾಸವೇ ದೊಡ್ಡ ಕಂಟಕ.

ಕಾಲೇಜಲ್ಲಿ ನಾವು ಏನು ಮಾಡ್ತಿದ್ವಿ? ರೀಡಿಂಗ್ ರಫ್ ಹಾಳೇಲಿ, ಪೆನ್ಸಿಲ್‌ನಲ್ಲಿ. ಪಕ್ಕದವನ ಟೈಟರ್ ವ್ಯಾಲ್ಯೂ ಎಷ್ಟು ಅಂತ ಕೇಳಿ ನಮ್ಮದನ್ನ ಅದರ ಹತ್ತಿರಕ್ಕೆ ತಂದು, ಮನೇಲಿ ಕೂತು ದುಂಡಗಿನ ಅಕ್ಷರದಲ್ಲಿ ರೆಕಾರ್ಡ್ ಬುಕ್‌ಗೆ ಇಳಿಸೋದು. ಅಂದಕ್ಕೆ ಅಂಕ ಬೇರೆ! ಇಂಟರ್ನ್‌ಶಿಪ್ ಲ್ಯಾಬ್‌ನಲ್ಲಿ ಫೇರ್ ಕಾಪಿ ಅನ್ನೋದೇ ಇಲ್ಲ. ಕಣ್ಣು ಮೀಟರ್ ಮೇಲಿದ್ದಾಗಲೇ ಕೈ ಪುಸ್ತಕದ ಮೇಲಿರಬೇಕು. ಪುಟಕ್ಕೆ ನಂಬರ್ ಇರುತ್ತೆ, ಹಾಳೆ ಕೀಳೋ ಹಾಗಿಲ್ಲ, ವೈಟ್ನರ್ ಇಲ್ಲ. ತಪ್ಪಾದ್ರೆ ಒಂದೇ ಒಂದು ಗೆರೆ, ಕೆಳಗಿನ ಸಂಖ್ಯೆ ಓದೋಕಾಗೋ ಹಾಗೆ, ಪಕ್ಕದಲ್ಲಿ ಸಹಿ, ತಾರೀಕು, ಯಾಕೆ ಹೊಡೆದೆ ಅನ್ನೋ ಎರಡು ಪದ. ಪೆನ್ಸಿಲ್ ಬೇಡ ಅನ್ನೋದು ಇದಕ್ಕೇ, ರಬ್ಬರ್ ಗುರುತು ಉಳಿಸಲ್ಲ.

ಸ್ಟ್ಯಾಂಡರ್ಡ್ ಅಂದ್ರೆ ಎಷ್ಟು ಫ್ಲೋರೈಡ್ ಇದೆ ಅಂತ ಮೊದಲೇ ಗೊತ್ತಿರೋ ದ್ರಾವಣ, ಮೀಟರನ್ನ ಅದರ ಜೊತೆ ಹೋಲಿಸಿ ನೋಡೋಕೆ. ಅದನ್ನ ಮಾಡೋಕೆ ಸೋಡಿಯಂ ಫ್ಲೋರೈಡ್ 2.21 ಗ್ರಾಂ ತೂಗಿ ಒಂದು ಲೀಟರ್ ಮಾಡ್ತಾರೆ, ಆಗ ಲೀಟರ್‌ಗೆ 1000 ಮಿಲಿಗ್ರಾಂ ಫ್ಲೋರೈಡ್. ತಕ್ಕಡಿ ನಿಮಗೆ 2.2143 ತೋರಿಸ್ತು ಅನ್ನಿ. ಕಾಲೇಜು ಬುದ್ಧಿ "2.2100 ಬರ್ಕೋ" ಅನ್ನುತ್ತೆ. ಬೇಡ. 2.2143 ಅಂತಲೇ ಬರೀರಿ, ದ್ರಾವಣ 1002 ಅಂತ ಲೆಕ್ಕ ಹಾಕಿ, ಬಾಟಲಿ ಮೇಲೂ 1002 ಅಂತಲೇ ಬರೀರಿ.

ಇನ್ನು ಅಳತೆ. ಮೀಟರ್‌ಗೆ ಜೋಡಿಸಿ ನೀರಲ್ಲಿ ಅದ್ದೋ ಕಡ್ಡಿ, ಅಂದ್ರೆ ಫ್ಲೋರೈಡ್ ಎಲೆಕ್ಟ್ರೋಡ್, ಕೊಡೋದು ಮಿಲಿಗ್ರಾಂ ಅಲ್ಲ, ಮಿಲಿವೋಲ್ಟ್. ಫ್ಲೋರೈಡ್ ಹತ್ತು ಪಟ್ಟು ಜಾಸ್ತಿಯಾದ್ರೆ ಮಿಲಿವೋಲ್ಟ್ ಸುಮಾರು 58 ಇಳಿಯುತ್ತೆ.

[ಸ್ಕ್ರೀನ್ ಮೇಲೆ ನೋಟ್‌ಬುಕ್ ಪುಟ, ಬೆರಳು ಒಂದೊಂದೇ ಸಾಲಿನ ಮೇಲೆ.]

ಬೆಳಗ್ಗೆ 11ಕ್ಕೆ 1 ಮಿಲಿಗ್ರಾಂ ಸ್ಟ್ಯಾಂಡರ್ಡ್ 100 ಮಿಲಿವೋಲ್ಟ್ ತೋರಿಸ್ತು, 10 ಮಿಲಿಗ್ರಾಂದು 42. ವ್ಯತ್ಯಾಸ 58, ಎಲೆಕ್ಟ್ರೋಡ್ ಆರೋಗ್ಯವಾಗಿದೆ. ಮಧ್ಯಾಹ್ನ 3ಕ್ಕೆ ನಮ್ಮ ಮು-02-ಎ ಇಟ್ರೆ 79. ಲೆಕ್ಕ ಹಾಕಿದ್ರೆ 2.3 ಮಿಲಿಗ್ರಾಂ. 3:20ಕ್ಕೆ ಅದೇ 1 ಮಿಲಿಗ್ರಾಂ ಸ್ಟ್ಯಾಂಡರ್ಡ್ ಮತ್ತೆ ಇಟ್ರೆ ಈಗ 106! ಮೀಟರ್ ಜಾರಿದೆ. ಆ ಹೊತ್ತಿನ ಲೆಕ್ಕದಲ್ಲಿ ನಮ್ಮ 79 ಅಂದ್ರೆ 2.3 ಅಲ್ಲ, 2.9.

ಪುಸ್ತಕದಲ್ಲಿ ಬರೀ "2.3" ಅಂತ ಬರೆದಿದ್ರೆ ಕಥೆ ಅಲ್ಲಿಗೇ ಮುಗೀತು, ಯಾರಿಗೂ ಏನೂ ಗೊತ್ತಾಗ್ತಿರಲಿಲ್ಲ. ಮಿಲಿವೋಲ್ಟ್ ಮತ್ತೆ ಗಂಟೆ ಎರಡೂ ಇರೋದ್ರಿಂದ, ಕೊನೇ ಸಲ ಸ್ಟ್ಯಾಂಡರ್ಡ್ ಸರಿ ತೋರಿಸಿದ ಮೇಲಿನ ಸ್ಯಾಂಪಲ್‌ಗಳಷ್ಟನ್ನೇ ಹೊಸದಾಗಿ ಅಳೀಬಹುದು. 106ನ್ನ ಹಿಡಿದು ಕುರ್ಚಿಯಲ್ಲಿ ಕೂತೇ ಉತ್ತರ ತಿದ್ದೋಕೆ ಹೋಗ್ಬೇಡಿ. ಯಾವಾಗ ಜಾರಿತು ಅಂತ ನಮಗೆ ಗೊತ್ತಿಲ್ಲ, ಮತ್ತೆ ಅಳೀಲೇಬೇಕು.

ಆ ಪುಟದಲ್ಲೇ ಇನ್ನೊಂದು ಚಿಕ್ಕ ಕಾಲಂ ಇದೆ, "ಟಿಸಾಬ್ ಹಾಕಿದೆ" ಅಂತ. ಅದೊಂದು ಬಫರ್, ಸ್ಯಾಂಪಲ್‌ಗೂ ಸ್ಟ್ಯಾಂಡರ್ಡ್‌ಗೂ ಸಮಸಮ ಬೆರೆಸಬೇಕು. ನೀರಲ್ಲಿ ಅಲ್ಯೂಮಿನಿಯಂ, ಕಬ್ಬಿಣ ಇದ್ರೆ ಅವು ಫ್ಲೋರೈಡನ್ನ ಹಿಡ್ಕೊಂಡಿರ್ತವೆ, ಎಲೆಕ್ಟ್ರೋಡ್‌ಗೆ ಕಾಣಲ್ಲ. ಟಿಸಾಬ್ ಅದನ್ನ ಬಿಡಿಸುತ್ತೆ. ಮರೆತ್ರೆ ಉತ್ತರ ಕಮ್ಮಿ ಬರುತ್ತೆ, ಕೆಟ್ಟ ನೀರು ಒಳ್ಳೇದಾಗಿ ಕಾಣುತ್ತೆ. ಟಿಕ್ ಮಾಡೋದು ಹಾಕಿದ ಮೇಲೆ. ಮೊದಲೇ ಎಲ್ಲಕ್ಕೂ ಸಾಲಾಗಿ ಟಿಕ್ ಹಾಕಿ ಆಮೇಲೆ ಪಿಪೆಟ್ ಹಿಡಿಯೋರು ಇದ್ದಾರೆ, ನಿಮ್ಮಲ್ಲೂ ಇದ್ದೀರಿ, ನಗಬೇಡಿ.

[ಎಡಿಟರ್ ಧ್ವನಿ: "ಗುರೂ, ಟೈಮ್ ಆಯ್ತು."]

ಆಯ್ತಪ್ಪಾ. ಸೇಫ್ಟಿ ಪೂರ್ತಿ ಉಳಿದಿದೆ, ಒಂದೇ ಉಸಿರಲ್ಲಿ ಹೇಳಿಬಿಡ್ತೀನಿ.

ನೀರಿನ ಲ್ಯಾಬ್‌ನಲ್ಲಿ ದೊಡ್ಡ ಅಪಾಯ ಅಂದ್ರೆ ಎಲ್ಲವೂ ನೀರಿನ ಥರಾನೇ ಕಾಣೋದು. ಆ 1002ರ ದ್ರಾವಣಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದನ್ನ ಕುಡಿಯೋ ನೀರಿನ ಖಾಲಿ ಬಾಟಲಿಗೆ ತುಂಬಿಟ್ರೆ, 100 ಮಿಲಿಲೀಟರ್ ಗುಟುಕಲ್ಲಿ 100 ಮಿಲಿಗ್ರಾಂ ಫ್ಲೋರೈಡ್. ಕಿಲೋ ತೂಕಕ್ಕೆ 5 ಮಿಲಿಗ್ರಾಂ ದಾಟಿದ್ರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕಾದ ವಿಷದ ಮಟ್ಟ ಅಂತ ಲೆಕ್ಕ. 20 ಕಿಲೋದ ಮಗುವಿಗೆ ಆ ಒಂದು ಲೋಟವೇ ಅಷ್ಟಾಗುತ್ತೆ. ಅದಕ್ಕೇ ಕುಡಿಯೋ ಬಾಟಲಿ ಲ್ಯಾಬ್ ಒಳಗೆ ಬರಬಾರದು, ಲ್ಯಾಬ್ ದ್ರಾವಣ ಅಂಥ ಬಾಟಲಿಗೆ ಹೋಗಬಾರದು. ದ್ರಾವಣದ ಬಾಟಲಿ ಮೇಲೆ ಹೆಸರು, ಪ್ರಮಾಣ, ಮಾಡಿದ ದಿನ, ಮಾಡಿದವರ ಸಹಿ, "ವಿಷ" ಅನ್ನೋ ಪದ ಇರಲೇಬೇಕು. ಲೇಬಲ್ ಇಲ್ಲದ ಬಾಟಲಿ ಸಿಕ್ರೆ ಮೂಸಬೇಡಿ, ಸಿಂಕ್‌ಗೆ ಸುರಿಯಬೇಡಿ, ಲ್ಯಾಬ್‌ನವರ ಕೈಗೆ ಒಪ್ಪಿಸಿ.

ನೈಟ್ರಿಕ್ ಆಸಿಡ್ ತೆಳು ಮಾಡೋವಾಗ ಆಸಿಡನ್ನ ನೀರಿಗೆ, ಫ್ಯೂಮ್ ಹುಡ್ ಒಳಗೆ, ಕನ್ನಡಕ ಹಾಕ್ಕೊಂಡು. ಗ್ಲೌಸ್ ಹಾಕಿದ ಕೈಯಲ್ಲಿ ಮೊಬೈಲ್ ಮುಟ್ಟಬೇಡಿ, ಆಮೇಲೆ ಅದೇ ಮೊಬೈಲ್ ಕೆನ್ನೆಗೆ ಹೋಗುತ್ತೆ. ನೋಟ್‌ಬುಕ್ ಬರೆಯೋ ಕೈಯಲ್ಲೂ ಗ್ಲೌಸ್ ಬೇಡ. ಇಬ್ಬರಿದ್ರೆ ಒಬ್ಬರು ಅಳೀರಿ, ಒಬ್ಬರು ಬರೀರಿ.

ಶ್ರೀನಿವಾಸಪುರದ ತಂಗಿ ಕೊನೇಲಿ ಕೇಳಿದ್ದಾಳೆ, ಇಂಟರ್ನ್‌ಶಿಪ್ ಮುಗಿದ ಮೇಲೆ ನೋಟ್‌ಬುಕ್ ಮನೆಗೆ ತರಬಹುದಾ ಅಂತ. ಸಾಮಾನ್ಯವಾಗಿ ಇಲ್ಲಮ್ಮ, ಅದು ಲ್ಯಾಬ್‌ನ ಆಸ್ತಿ. ಕಾಲೇಜಿಗೆ ರಿಪೋರ್ಟ್ ಕೊಡೋಕೆ ಬೇಕಾದ ಪುಟಗಳನ್ನ ಮೇಡಂ ಹತ್ತಿರ ಕೇಳಿ, ಅವರು ಸಹಿ ಹಾಕಿದ ಜೆರಾಕ್ಸ್ ತಗೋ. ಊರಿನ ಹೆಸರು ಹಾಕಬಹುದಾ ಅಂತಲೂ ಆಗಲೇ ಕೇಳ್ಕೋ.