ಕ್ಲಿಕ್ಕೇ ಇಲ್ಲದ ಕಡೆ ಲೆಕ್ಕ ಹಾಕೋದು ಹೇಗೆ? ಕನೆಕ್ಟೆಡ್ ಟಿವಿ ಮತ್ತು ಸ್ಟ್ರೀಮಿಂಗ್ ಆಡಿಯೋ ಆ್ಯಡ್‌ಗಳ ಬಗ್ಗೆ

ಎಲ್ರಿಗೂ ನಮಸ್ಕಾರ. ಇಲ್ಲಿ ಕೂತಿರೋರಲ್ಲಿ ಬಹುತೇಕ ಜನ ಸರ್ಚ್ ಆ್ಯಡು, ಸೋಶಿಯಲ್ ಆ್ಯಡು ನಡೆಸಿ ಅಭ್ಯಾಸ ಇರೋರು ಅಂತ ಗೊತ್ತು. ಬೆಳಗ್ಗೆ ಡ್ಯಾಶ್‌ಬೋರ್ಡ್ ತೆಗೀತೀರ, ನಿನ್ನೆ ಎಷ್ಟು ಕ್ಲಿಕ್ಕು, ಒಂದು ಆರ್ಡರ್‌ಗೆ ಎಷ್ಟು ಬಿತ್ತು ಅಂತ ನೋಡ್ತೀರ, ಆಮೇಲೇ ಕಾಫಿ. ಇವತ್ತು ನಾನು ಹೇಳೋ ಎರಡು ಮಾಧ್ಯಮದಲ್ಲಿ ಆ ಅಭ್ಯಾಸ ನಡೆಯಲ್ಲ. ಟಿವಿ ನೋಡೋರ ಕೈಲಿ ರಿಮೋಟ್ ಇರತ್ತೆ, ಮೌಸ್ ಇರಲ್ಲ. ಹಾಡು ಕೇಳೋರ ಫೋನು ಜೇಬಲ್ಲಿ ಲಾಕ್ ಆಗಿರತ್ತೆ. ಕ್ಲಿಕ್ ಮಾಡಿ ಅಂದ್ರೆ ಎಲ್ಲಿ ಮಾಡ್ತಾರೆ?

ಮೊದ್ಲು ಕನೆಕ್ಟೆಡ್ ಟಿವಿ ಅಂದ್ರೆ ಏನು ಅಂತ ಹೇಳ್ಬಿಡ್ತೀನಿ. ಇಂಟರ್ನೆಟ್ ಮೂಲಕ ವಿಡಿಯೋ ಬರೋ ಟಿವಿ, ಅದು ಸ್ಮಾರ್ಟ್ ಟಿವಿನೇ ಆಗಿರ್ಬಹುದು, ಹಳೇ ಟಿವಿಗೆ ಚುಚ್ಚಿದ ಸ್ಟಿಕ್ ಆಗಿರ್ಬಹುದು, ಗೇಮ್ ಕನ್ಸೋಲೂ ಆಗಿರ್ಬಹುದು. ಆ್ಯಡು ಸಾಮಾನ್ಯವಾಗಿ 15 ಇಲ್ಲಾ 30 ಸೆಕೆಂಡ್, ಹೆಚ್ಚಿನ ಕಡೆ ಸ್ಕಿಪ್ ಮಾಡೋಕೆ ಆಗಲ್ಲ, ದುಡ್ಡು ಕೊಡೋದು ಸಾವಿರ ಇಂಪ್ರೆಶನ್‌ಗೆ, ಅಂದ್ರೆ ಆ್ಯಡ್ ಸಾವಿರ ಸಲ ಬಂದಿದ್ದಕ್ಕೆ, ಇಷ್ಟು ಅನ್ನೋ ಲೆಕ್ಕದಲ್ಲಿ. ಆ್ಯಡ್ ಓಡ್ತಾ ಇದ್ದ ಹಾಗೆ ಈ ಐದು ಸಿಗ್ನಲ್ ವಾಪಸ್ ಬರತ್ತೆ:

```
start
firstQuartile
midpoint
thirdQuartile
complete
```

ಕೊನೇ `complete` ನೋಡಿ ಮೊದಲ ಸಲ ಬಂದೋರು ಖುಷಿಯಾಗ್ತಾರೆ, 'ಸಾರ್, ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನ ಪೂರ್ತಿ ನೋಡಿದ್ದಾರೆ' ಅಂತ. ಸ್ಕಿಪ್ ಬಟನ್ನೇ ಇಲ್ಲ ಅಂದ್ಮೇಲೆ ಪೂರ್ತಿ ಓಡದೆ ಇನ್ನೇನಾಗತ್ತೆ! ಅಷ್ಟೇ ಅಲ್ಲ, ಸ್ಟಿಕ್ ಹಾಕಿರೋ ಕಡೆ ಜನ ಟಿವಿ ಆಫ್ ಮಾಡಿ ಮಲಗಿದ್ರೂ ಒಳಗಡೆ ಆ್ಯಪ್ ಓಡ್ತಾನೇ ಇರಬಹುದು, ಕತ್ತಲೆ ಪರದೆ ಮೇಲೂ ನಿಮ್ಮ ಆ್ಯಡು `complete` ಅಂತ ದಾಖಲಾಗತ್ತೆ. ಇದನ್ನ ಹಿಡಿಯೋಕೆ ಒಂದು ದಾರಿ ಇದೆ, ಇಂಪ್ರೆಶನ್ನಿನ ಲಾಗ್ ಕೇಳಿ ತಗೊಳ್ಳಿ, ಒಂದೇ ಡಿವೈಸು ಒಂದೇ ಆ್ಯಪಲ್ಲಿ ರಾತ್ರಿಯಿಡೀ ಬಿಡದೆ ಓಡಿದ್ಯಾ ನೋಡಿ. ಲಾಗ್ ಕೊಡಲ್ಲ ಅಂದವರ ಹತ್ರ ನಾನಂತೂ ದೊಡ್ಡ ಬಜೆಟ್ ಹಾಕಲ್ಲ.

ಸರಿ, ಕ್ಲಿಕ್ ಇಲ್ಲ, ಪೂರ್ತಿ ನೋಡಿದ ಲೆಕ್ಕದಿಂದ ಏನೂ ತಿಳಿಯಲ್ಲ. ಹಾಗಾದ್ರೆ ಡ್ಯಾಶ್‌ಬೋರ್ಡಲ್ಲಿ 'ಕನ್ವರ್ಶನ್' ಅಂತ ಬರತ್ತಲ್ಲ, ಅದು ಎಲ್ಲಿಂದ ಬರತ್ತೆ? ಟಿವಿಲಿ ಆ್ಯಡ್ ಬಂದಾಗ ಆ ಮನೆಯ ಐಪಿ ಅಡ್ರೆಸ್ ಬರೆದಿಟ್ಕೊಳ್ತಾರೆ. ಆಮೇಲೆ ನಿಮ್ಮ ವೆಬ್‌ಸೈಟಿಗೆ ಯಾರಾದ್ರೂ ಬಂದಾಗ ಅವರ ಐಪಿನೂ ಪಿಕ್ಸೆಲ್, ಅಂದ್ರೆ ಸೈಟಲ್ಲಿ ಹಾಕಿರೋ ಚಿಕ್ಕ ಟ್ರ್ಯಾಕಿಂಗ್ ಕೋಡು, ಬರ್ಕೊಳ್ಳತ್ತೆ. ಎರಡೂ ಒಂದೇ ಆಗಿದ್ದು, ಆ್ಯಡ್ ಬಂದು 14 ದಿನದ ಒಳಗೆ ಅವರು ಏನಾದ್ರೂ ಕೊಂಡಿದ್ರೆ, ಆ ಮಾರಾಟ ಟಿವಿ ಖಾತೆಗೆ. 14ರ ಬದಲು 7 ಇಡಬಹುದು, 30 ಇಡಬಹುದು, ಕಿಟಕಿ ದೊಡ್ಡದು ಮಾಡಿದಷ್ಟೂ ಕ್ಯಾಂಪೇನ್ 'ಚೆನ್ನಾಗಿ' ಕಾಣ್ತಾ ಹೋಗತ್ತೆ. ಆದ್ರೆ ಆ ಮನೆಯವರು ಆ್ಯಡ್ ನೋಡದೇ ಇದ್ದಿದ್ರೂ ಕೊಳ್ತಿದ್ರಾ ಅನ್ನೋ ಪ್ರಶ್ನೆಗೆ ಇಲ್ಲಿ ಉತ್ತರ ಇಲ್ಲ, ನಿಮಗೆ ಬೇಕಾಗಿರೋದು ಅದೇ ಉತ್ತರ.

ಆ ಉತ್ತರ ಸಿಗೋದು ಕೆಲವು ಮನೆಗಳಿಗೆ ಬೇಕಂತಲೇ ಆ್ಯಡ್ ತೋರಿಸದೆ ಬಿಟ್ಟಾಗ. ಇದಕ್ಕೆ ಹೋಲ್ಡ್‌ಔಟ್ ಅಂತಾರೆ. ಒಂದು ಲೆಕ್ಕ ಮಾಡಿ ತೋರಿಸ್ತೀನಿ. ಸಂಖ್ಯೆಗಳು ನಾನೇ ಹಾಕ್ಕೊಂಡಿದ್ದು, ಆದ್ರೆ ಕಥೆ ಹೀಗೇ ನಡೆಯತ್ತೆ.

ನಿಮ್ಮ ಟಾರ್ಗೆಟ್ ಪಟ್ಟಿಲಿ 5 ಲಕ್ಷ ಮನೆ ಇದೆ ಅನ್ಕೊಳ್ಳಿ. ಶುರು ಮಾಡೋಕೆ ಮುಂಚೆ, ಚೀಟಿ ಎತ್ತಿದ ಹಾಗೆ, 4 ಲಕ್ಷ ಮನೆ ಆ್ಯಡ್ ಗುಂಪಿಗೆ, 1 ಲಕ್ಷ ಮನೆ ಬಿಟ್ಟ ಗುಂಪಿಗೆ. ನಾಲ್ಕು ವಾರ ಕ್ಯಾಂಪೇನ್ ಓಡ್ತು. 4 ಲಕ್ಷದಲ್ಲಿ ಆ್ಯಡ್ ನಿಜವಾಗಿ ತಲುಪಿದ್ದು 2.4 ಲಕ್ಷ ಮನೆಗೆ, ಉಳಿದ 1.6 ಲಕ್ಷದವರು ಆ ತಿಂಗಳು ಟಿವಿನೇ ಹಾಕಿಲ್ವೋ, ಆ್ಯಡ್ ಜಾಗದ ಹರಾಜಲ್ಲಿ ನಾವು ಸೋತ್ವೋ, ಏನೋ ಒಂದು. ತಲುಪಿದ ಮನೆಗಳಿಂದ 1,680 ಆರ್ಡರ್ ಬಂತು. ಡ್ಯಾಶ್‌ಬೋರ್ಡ್ ಏನನ್ನತ್ತೆ? 1,680 ಮಾರಾಟ, ಎಲ್ಲಾ ಟಿವಿಯಿಂದ. ಸ್ವಲ್ಪ ಬುದ್ಧಿವಂತ ಏಜೆನ್ಸಿ ಆದ್ರೆ ಇನ್ನೊಂದು ಹೆಜ್ಜೆ ಹೋಗತ್ತೆ, ತಲುಪದ 1.6 ಲಕ್ಷ ಮನೆಯಿಂದ ಬಂದಿದ್ದು 720, ಅಂದ್ರೆ ಶೇಕಡ 0.45, ತಲುಪಿದ ಕಡೆ ಶೇಕಡ 0.70, ನೋಡಿ ಸಾರ್ ಎಷ್ಟು ವ್ಯತ್ಯಾಸ ಅಂತ ಸ್ಲೈಡ್ ಹಾಕ್ತಾರೆ.

ಆ ಸ್ಲೈಡ್ ನಂಬ್ಬೇಡಿ. ಆ್ಯಡ್ ತಲುಪಿದ ಮನೆ ಅಂದ್ರೆ ಜಾಸ್ತಿ ಟಿವಿ ನೋಡೋ ಮನೆ, ಆ ತಿಂಗಳು ಊರಲ್ಲೇ ಇದ್ದ ಮನೆ, ಇಂಟರ್ನೆಟ್ ಜಾಸ್ತಿ ಬಳಸೋ ಮನೆ, ಅವರು ಆನ್‌ಲೈನಲ್ಲಿ ಕೊಳ್ಳೋದೂ ಜಾಸ್ತಿನೇ. ಆ್ಯಡ್ ಮಾಡಿದ ಕೆಲಸ ಯಾವುದು, ಆ ಮನೆಯವರ ಸ್ವಭಾವ ಯಾವುದು ಅಂತ ಬೇರೆ ಮಾಡೋಕೇ ಆಗಲ್ಲ. ಅದಕ್ಕೇ ತಲುಪಿದ್ರೂ ತಲುಪದಿದ್ರೂ ಚೀಟಿಲಿ ಬಂದ 4 ಲಕ್ಷವನ್ನೂ ಒಟ್ಟಿಗೆ ಹಿಡೀಬೇಕು. 1,680 ಮತ್ತು 720 ಸೇರಿ 2,400 ಆರ್ಡರು, ಶೇಕಡ 0.60. ಬಿಟ್ಟ 1 ಲಕ್ಷ ಮನೆಯಿಂದ ಬಂದಿದ್ದು 520, ಶೇಕಡ 0.52. ಅದೇ ದರದಲ್ಲಿ 4 ಲಕ್ಷ ಮನೆಯಿಂದ ಆ್ಯಡ್ ಇಲ್ದೇನೇ 2,080 ಬರ್ತಿತ್ತು. ಹಾಗಾಗಿ ಟಿವಿ ತಂದಿದ್ದು 320.

1,680 ಎಲ್ಲಿ, 320 ಎಲ್ಲಿ! ಇಲ್ಲೇ ಕೆಲವರು 'ಟಿವಿ ವೇಸ್ಟು' ಅಂತ ಎದ್ದು ಹೋಗ್ತಾರೆ. ಹೋಗ್ಬೇಡಿ, ನಿಮ್ಮ ಸರ್ಚ್ ಆ್ಯಡಿಗೂ ಹೀಗೇ ಪರೀಕ್ಷೆ ಇಟ್ರೆ ಅಲ್ಲೂ ಸಂಖ್ಯೆ ಇಳಿಯತ್ತೆ, ಅದರಲ್ಲೂ ನಿಮ್ಮ ಬ್ರಾಂಡ್ ಹೆಸರನ್ನೇ ಟೈಪ್ ಮಾಡಿ ಬಂದೋರ ವಿಷಯದಲ್ಲಿ. ಟಿವಿಲಿ ಆ್ಯಡ್ ನೋಡಿದವರು ಆಮೇಲೆ ಫೋನ್ ತೆಗೆದು ನಿಮ್ಮ ಹೆಸರು ಹುಡುಕ್ತಾರೆ, ಮೊದಲ ಲಿಂಕ್ ಒತ್ತುತ್ತಾರೆ, ಕೊನೇ ಕ್ಲಿಕ್ ಸರ್ಚಿಂದು ಅಂತ ಕ್ರೆಡಿಟ್ ಪೂರ್ತಿ ಅದಕ್ಕೇ ಹೋಗತ್ತೆ. ನನ್ನ ಹತ್ರ ಕೆಲಸ ಮಾಡಿಸಿದ ಒಬ್ರು ಒಂಬತ್ತನೇ ದಿನಕ್ಕೇ ಕ್ಲಿಕ್ ಬಂದಿಲ್ಲ ಅಂತ ಟಿವಿ ನಿಲ್ಲಿಸಿದ್ರು, ಎರಡು ವಾರ ಆದ್ಮೇಲೆ ಸರ್ಚ್ ಯಾಕೋ ಡಲ್ ಆಗಿದೆ ನೋಡಿ ಅಂತ ಅವರೇ ಫೋನ್ ಮಾಡಿದ್ರು. ಅದು ಟಿವಿ ನಿಲ್ಲಿಸಿದ್ದಕ್ಕೇನಾ ಅಂತ ಖಚಿತವಾಗಿ ಹೇಳೋಕೆ ನನಗೂ ಆಗ್ಲಿಲ್ಲ, ಯಾಕಂದ್ರೆ ಹೋಲ್ಡ್‌ಔಟ್ ಇಟ್ಟಿರ್ಲಿಲ್ಲ.

ಇನ್ನೊಂದು ಮಾತು, ಆ 320 ಕೂಡ ಕಲ್ಲಲ್ಲಿ ಕೆತ್ತಿದ್ದಲ್ಲ. ಬಿಟ್ಟ ಗುಂಪಲ್ಲಿ ಬಂದಿದ್ದು ಬರೀ 520 ಆರ್ಡರ್, ಅದೃಷ್ಟದ ಆಟದಲ್ಲಿ ಅದು 500 ಆಗಿರ್ಬಹುದಿತ್ತು, 540 ಆಗಿರ್ಬಹುದಿತ್ತು, ಅದನ್ನ ನಾಲ್ಕರಿಂದ ಗುಣಿಸ್ತಾ ಇದ್ದೀವಿ ಅಂದ್ರೆ ತಪ್ಪೂ ನಾಲ್ಕು ಪಟ್ಟು. ಶೇಕಡ 95ರಷ್ಟು ಭರವಸೆ ಇಟ್ಟು ಲೆಕ್ಕ ಹಾಕಿದ್ರೆ ನಿಜವಾದ ಉತ್ತರ ಸುಮಾರು 120ರಿಂದ 520ರ ಒಳಗೆ ಎಲ್ಲೋ ಇದೆ. ಇದನ್ನ ಸಣ್ಣದು ಮಾಡ್ಬೇಕು ಅಂದ್ರೆ ಜಾಸ್ತಿ ಮನೆ ಬೇಕು, ಇಲ್ಲಾ ಬಿಟ್ಟ ಗುಂಪು ದೊಡ್ಡದಾಗ್ಬೇಕು. ತಿಂಗಳಿಗೆ ಐವತ್ತೇ ಆರ್ಡರ್ ಬರೋ ವ್ಯಾಪಾರಕ್ಕೆ ಈ ಪರೀಕ್ಷೆ ಆಗಲ್ಲ, ಅಂಥವರು ಆರ್ಡರ್ ಬದಲು ವೆಬ್‌ಸೈಟಿಗೆ ಬಂದ ಮನೆಗಳನ್ನ ಎಣಿಸ್ಬೇಕು, ಅದು ಸಂಖ್ಯೇಲಿ ದೊಡ್ಡದಾಗಿರತ್ತೆ.

ಇಲ್ಲಿ ಕೆಡೋದು ಸಾಮಾನ್ಯವಾಗಿ ಐಪಿ ಕಡೆಯಿಂದ. ರೂಟರ್ ರೀಸ್ಟಾರ್ಟ್ ಆದ್ರೆ ಮನೆಯ ಐಪಿ ಬದಲಾಗ್ಬಹುದು, ಬಿಟ್ಟ ಗುಂಪಿನ ಮನೆ ಹೊಸ ಮನೆಯಾಗಿ ಆ್ಯಡ್ ಗುಂಪಿಗೆ ಬಂದ್ಬಿಡತ್ತೆ. ಕೆಲವು ನೆಟ್‌ವರ್ಕ್‌ಗಳಲ್ಲಿ ನೂರಾರು ಗ್ರಾಹಕರು ಒಂದೇ ಐಪಿ ಹಿಂದೆ ಇರ್ತಾರೆ. ಪಟ್ಟಿಲಿ ಒಂದು 'ಮನೆ'ಯಿಂದ ವಾರಕ್ಕೆ ನಲವತ್ತು ಆರ್ಡರ್ ಬಂದಿದೆ ಅಂದ್ರೆ ಅದು ಮನೆ ಅಲ್ಲ, ತೆಗೆದುಹಾಕಿ, ಎರಡೂ ಗುಂಪಿಂದ ಒಂದೇ ನಿಯಮದಲ್ಲಿ. ಮತ್ತೆ ಕ್ಯಾಂಪೇನ್ ಶುರುವಾಗೋಕೆ ಮುಂಚಿನ ನಾಲ್ಕು ವಾರದಲ್ಲಿ ಎರಡೂ ಗುಂಪಿನ ಖರೀದಿ ದರ ಹೆಚ್ಚೂಕಮ್ಮಿ ಒಂದೇ ಇತ್ತಾ ನೋಡಿ. ತುಂಬಾ ವ್ಯತ್ಯಾಸ ಇದ್ರೆ ಚೀಟಿ ಎತ್ತಿದ್ದೇ ಸರಿಯಿಲ್ಲ.

ಕ್ಯೂಆರ್ ಕೋಡ್ ಹಾಕಿದ್ರೆ ಆಯ್ತಲ್ಲ ಅಂತ ಯಾರಾದ್ರೂ ಕೇಳೇ ಕೇಳ್ತೀರ. ಹಾಕಿ, ತಪ್ಪೇನಿಲ್ಲ. ನಾನು ಮೊದಲ ಸಲ ಹಾಕಿಸಿದಾಗ ಪರದೆಯ ಮೂಲೇಲಿ ಇಷ್ಟೇ ಇಷ್ಟು ಚಿಕ್ಕದಾಗಿ, ಕೊನೇ ಐದು ಸೆಕೆಂಡ್ ಮಾತ್ರ. ಮನೇಲಿ ಸೋಫಾ ಮೇಲೆ ಕೂತು ನಾನೇ ಸ್ಕ್ಯಾನ್ ಮಾಡೋಕೆ ಹೋದೆ, ಫೋನ್ ಹುಡುಕಿ, ಲಾಕ್ ತೆಗೆದು, ಕ್ಯಾಮೆರಾ ಎತ್ತೋ ಹೊತ್ತಿಗೆ ಆ್ಯಡ್ ಮುಗಿದಿತ್ತು. ದೊಡ್ಡದಾಗಿ, ಹದಿನೈದು ಸೆಕೆಂಡಾದ್ರೂ ಇರ್ಲಿ. ಆದ್ರೆ ಸ್ಕ್ಯಾನ್ ಮಾಡಿದೋರ ಸಂಖ್ಯೆಯನ್ನೇ ಫಲಿತಾಂಶ ಅನ್ಕೋಬೇಡಿ, ಹೆಚ್ಚಿನವರು ಸ್ಕ್ಯಾನ್ ಮಾಡಲ್ಲ, ಆಮೇಲೆ ಹೆಸರು ಹುಡುಕಿ ಬರ್ತಾರೆ.

ಈಗ ಆಡಿಯೋ. ಮ್ಯೂಸಿಕ್ ಆ್ಯಪಲ್ಲಿ ಹಾಡಿನ ಮಧ್ಯೆ ಬರೋ ಆ್ಯಡ್ ಜೊತೆ ಪರದೆ ಮೇಲೆ ಒಂದು ಬ್ಯಾನರ್ ಬರತ್ತೆ, ಅದರ ಮೇಲೆ ಕ್ಲಿಕ್ಕೂ ಬೀಳತ್ತೆ, ಕ್ಲಿಕ್ ಅಭ್ಯಾಸದೋರು ತಕ್ಷಣ ಅದನ್ನ ಹಿಡ್ಕೊಳ್ತಾರೆ. ಮುಂದಿನ ಹಾಡಿಗೆ ಹೋಗೋಕೆ ಬೆರಳಿಟ್ಟಾಗ ತಪ್ಪಿ ಬಿದ್ದ ಕ್ಲಿಕ್ಕು ಅದರಲ್ಲಿ ಎಷ್ಟು ಅಂತ ತಿಳ್ಕೋಬೇಕಾದ್ರೆ, ಬಂದೋರು ಪೇಜಲ್ಲಿ ಎಷ್ಟು ಸೆಕೆಂಡ್ ಇದ್ರು ನೋಡಿ. ಎರಡು ಸೆಕೆಂಡಿಗೇ ವಾಪಸ್ ಹೋಗಿದ್ರೆ ಅರ್ಥ ಆಯ್ತಲ್ಲ.

ಪಾಡ್‌ಕಾಸ್ಟ್ ಕಥೆ ಇನ್ನೂ ಬೇರೆ. ಅಲ್ಲಿ ಎಣಿಸೋದು ಹೆಚ್ಚಾಗಿ ಡೌನ್‌ಲೋಡು, ಕೇಳಿದ್ದಲ್ಲ. ಫೈಲ್ ಫೋನಿಗೆ ಇಳಿದ್ರೆ ಸಾಕು, ಅವರು ಪ್ಲೇ ಒತ್ತದಿದ್ರೂ ಎಣಿಕೆಗೆ ಬರತ್ತೆ. 2023ರಲ್ಲಿ ಐಒಎಸ್ 17 ಬಂದಾಗ ಆ್ಯಪಲ್ ಪಾಡ್‌ಕಾಸ್ಟ್ಸ್ ಆ್ಯಪು ತಾನಾಗೇ ಡೌನ್‌ಲೋಡ್ ಮಾಡೋ ರೀತಿ ಬದಲಾಯ್ತು, ಎಷ್ಟೋ ಶೋಗಳ ಡೌನ್‌ಲೋಡ್ ಸಂಖ್ಯೆ ಕುಸೀತು. ಕೇಳೋ ಜನ ಅಷ್ಟೇ ಇದ್ರು, ಯಾರೂ ಕೇಳದೆ ಬಿದ್ದಿದ್ದ ಫೈಲುಗಳು ಎಣಿಕೆಯಿಂದ ಹೋದ್ವು. ಹಾಗಾಗಿ ಪಾಡ್‌ಕಾಸ್ಟ್ ಕೊಳ್ಳುವಾಗ ಡೌನ್‌ಲೋಡ್ ಲೆಕ್ಕದ ಜೊತೆ, ಆ್ಯಪ್ ಕಡೆಯಿಂದ ಎಷ್ಟು ನಿಮಿಷ ಕೇಳಿದ್ದಾರೆ ಅನ್ನೋದನ್ನೂ ಕೇಳಿ.

ಆಡಿಯೋಗೆ ಮನೆ ಲೆಕ್ಕದ ಹೋಲ್ಡ್‌ಔಟ್ ನನಗೆ ಅಷ್ಟು ಹಿಡಿಸಲ್ಲ, ಫೋನು ವೈಫೈಯಿಂದ ಮೊಬೈಲ್ ನೆಟ್ಟಿಗೆ, ಆಫೀಸ್ ನೆಟ್ಟಿಗೆ ಓಡಾಡ್ತಾ ಇರತ್ತೆ, ಐಪಿ ಹಿಡಿದು ಪ್ರಯೋಜನ ಇಲ್ಲ. ಅಲ್ಲಿ ಊರು ಊರಾಗಿ ಪರೀಕ್ಷೆ ಮಾಡೋದು ಒಳ್ಳೇದು. ಹಿಂದಿನ ಆರು ತಿಂಗಳಲ್ಲಿ ಮಾರಾಟ ಒಂದೇ ಥರ ಏರಿ ಇಳಿದ ಊರುಗಳ ಜೋಡಿ ಮಾಡಿ, ಪ್ರತಿ ಜೋಡೀಲಿ ಒಂದಕ್ಕೆ ಆ್ಯಡು, ಇನ್ನೊಂದಕ್ಕೆ ಇಲ್ಲ, ಯಾವ ಊರಿಗೆ ಅನ್ನೋದು ನಾಣ್ಯ ಚಿಮ್ಮಿ. ಒಂದೇ ಜೋಡಿ ಸಾಕಾಗಲ್ಲ, ಆ ಒಂದು ಊರಲ್ಲಿ ಮಳೆ ಬಂದ್ರೂ ನಿಮ್ಮ ಲೆಕ್ಕ ಹೋಯ್ತು. ಕಡಿಮೆ ಅಂದ್ರೂ ಹತ್ತು ಜೋಡಿ ಇಟ್ಕೊಳ್ಳಿ ಅಂತೀನಿ.

ಅಂಗಡೀಲೇ ಮಾರೋರು, ವೆಬ್‌ಸೈಟೇ ಇಲ್ಲದೋರು ಏನು ಮಾಡ್ಬೇಕು ಅಂತ ಆಗ್ಲೇ ಒಬ್ರು ಚೀಟಿ ಕಳ್ಸಿದ್ರು. ನಿಮಗೂ ಇದೇ ಊರು ಜೋಡಿ ಪರೀಕ್ಷೆ, ಟಿವಿಗೂ ಆಗತ್ತೆ ಆಡಿಯೋಗೂ ಆಗತ್ತೆ, ಪಿಕ್ಸೆಲ್ ಏನೂ ಬೇಡ, ಪ್ರತಿ ಊರಿನ ವಾರದ ಬಿಲ್ ಮೊತ್ತ ಇದ್ರೆ ಸಾಕು. ಬರೀ ಒಂದು ಎಚ್ಚರಿಕೆ, ಪರೀಕ್ಷೆ ನಡೀತಿರೋವಾಗ ನಿಮ್ಮ ಸೇಲ್ಸ್ ಟೀಮಿಗೆ ಯಾವ ಊರಲ್ಲಿ ಆ್ಯಡ್ ಓಡ್ತಿದೆ ಅಂತ ಹೇಳ್ಬೇಡಿ, ಹೇಳಿದ್ರೆ ಅವರು ಅಲ್ಲೇ ಡಿಸ್ಕೌಂಟ್ ಕೊಟ್ಟು ಕೂತ್ಕೊಳ್ತಾರೆ, ಆಮೇಲೆ ಜಾಸ್ತಿಯಾದ ಮಾರಾಟ ಆ್ಯಡಿಂದೋ ಡಿಸ್ಕೌಂಟಿಂದೋ ಅಂತ ಹೇಳೋಕೆ ಯಾರಿಂದಲೂ ಆಗಲ್ಲ.