ಬಲಗಿವಿಗೊಂದು, ಎಡಗಿವಿಗೊಂದು

ಕೇಳುಗರಿಗೆ ನಮಸ್ಕಾರ.

ಡೊಂಬಿವಲಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆಯ ಆಲ್ಬಮ್, ಪಾಸ್‌ಪೋರ್ಟ್ ಫೋಟೊ, ಹಳೆಯ ಚಿತ್ರಗಳ ದುರಸ್ತಿ, ಇಷ್ಟೇ ಕೆಲಸ. ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಕಟ್ಟಡದ ಹಿರಿಯರೊಬ್ಬರು ಒದ್ದೆ ಕೊಡೆಯನ್ನು ಬಾಗಿಲಿಗೆ ಒರಗಿಸಿ, ಮೊಬೈಲನ್ನು ನನ್ನ ಮುಂದಿಟ್ಟರು. ಬ್ಯಾಂಕಿನಿಂದ ನಿವೃತ್ತರಾದವರು, ಅವರನ್ನು ನಾವೆಲ್ಲ ಮಾಮ ಎಂದೇ ಕರೆಯುತ್ತೇವೆ. ಷೇರು ವ್ಯವಹಾರದ ಸಲಹೆಗಾರ್ತಿ ಎಂದು ಹೇಳಿಕೊಂಡ ಮಹಿಳೆಯೊಬ್ಬರು ಹದಿನೈದು ದಿನಗಳಿಂದ ಅವರಿಗೆ ಸಂದೇಶ ಕಳಿಸುತ್ತಿದ್ದರು. “ಮುಖ ನೋಡಿದರೆ ಒಳ್ಳೆಯ ಮನೆತನದವರಂತೆ ಕಾಣುತ್ತಾರಪ್ಪ, ನೀನೊಮ್ಮೆ ನೋಡು” ಎಂದರು.

ಮೂವತ್ತೈದರ ಆಸುಪಾಸಿನ ನಗುಮುಖ. ಕನ್ನಡಕ, ಕಿವಿಯಲ್ಲಿ ಓಲೆ. ಮೊಬೈಲಿನ ಪುಟ್ಟ ಚೌಕದಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಕಂಪ್ಯೂಟರಿಗೆ ಹಾಕಿಕೊಂಡು ದೊಡ್ಡದು ಮಾಡಿ, ಮೊದಲು ಕಿವಿಗಳನ್ನು ನೋಡಿದೆ. ಒಂದು ಕಿವಿಯಲ್ಲಿ ಚಿನ್ನದ ಓಲೆ, ಅದರ ಕೆಳಗೆ ಮುತ್ತು. ಇನ್ನೊಂದರಲ್ಲಿ ಬೆಳ್ಳಿಯ ಬಣ್ಣದ ಒಂದು ಉಂಡೆ. ಅದಕ್ಕೆ ಕೊಂಡಿಯಿಲ್ಲ, ತಿರುಪಿಲ್ಲ. ಮೇಣ ಕರಗಿ ಅಂಟಿದಂತೆ ಕಿವಿಯ ಹಾಲೆಯೊಳಗೇ ಸೇರಿಹೋಗಿತ್ತು.

ಹೀಗಾಗುವುದಕ್ಕೆ ಕಾರಣವಿದೆ. ಇಂಥ ಓಲೆ ಕಂಪ್ಯೂಟರ್ ಹುಟ್ಟಿಸಿದ ಮುಖದ ಗುರುತು. 2018ರ ಕೊನೆಗೆ ಎನ್ವಿಡಿಯಾ ಸಂಸ್ಥೆಯ ಸಂಶೋಧಕರು, ಎಲ್ಲೂ ಇಲ್ಲದ ಮನುಷ್ಯರ ಮುಖಚಿತ್ರಗಳನ್ನು ಕಂಪ್ಯೂಟರಿನಿಂದಲೇ ಹುಟ್ಟಿಸುವ ಸ್ಟೈಲ್‌ಗ್ಯಾನ್ ಎಂಬ ವಿಧಾನವನ್ನು ಪ್ರಕಟಿಸಿದರು. ಅದಕ್ಕೆ ಎಪ್ಪತ್ತು ಸಾವಿರ ನಿಜವಾದ ಮುಖಚಿತ್ರಗಳನ್ನು ತೋರಿಸಿ ಕಲಿಸಲಾಗಿತ್ತು. ಯಂತ್ರ ಕಲಿತದ್ದು ಬಣ್ಣ ಮತ್ತು ಗೆರೆಗಳ ಒಡನಾಟವನ್ನು. ಹಾಲೆಯ ಬಳಿ ಹೊಳೆಯುವ ಚುಕ್ಕೆಯೊಂದು ಇರಬಹುದು ಎಂಬುದು ಅದಕ್ಕೆ ಗೊತ್ತು. ಆದರೆ ಅದು ಅಕ್ಕಸಾಲಿಗ ಜೋಡಿಯಾಗಿ ಮಾಡಿಕೊಟ್ಟ ಒಡವೆ ಎಂಬುದು ಗೊತ್ತಿಲ್ಲ. ಚಿತ್ರದಲ್ಲಿ ಅಕ್ಕಪಕ್ಕದ ಚುಕ್ಕೆಗಳನ್ನು ಹೊಂದಿಸುವುದು ಅದಕ್ಕೆ ಸುಲಭ; ಮುಖದ ಆಚೆಬದಿಯಲ್ಲಿರುವ ಇನ್ನೊಂದು ಕಿವಿಯ ಜೊತೆ ತಾಳೆ ನೋಡುವುದು ಕಷ್ಟ.

ಕನ್ನಡಕದ ಕಥೆಯೂ ಇದೇ. ಆ ಚಿತ್ರದಲ್ಲಿ ಒಂದು ಗಾಜಿನ ಸುತ್ತ ದಪ್ಪನೆಯ ಕಪ್ಪು ಚೌಕಟ್ಟು. ಮೂಗಿನ ಸೇತುವೆ ದಾಟುತ್ತಿದ್ದಂತೆ ಅದು ತೆಳುವಾಗಿ, ಮೂಲೆಯ ಆಕಾರವೇ ಬದಲಾಗಿತ್ತು. ಒಂದು ಕಡ್ಡಿ ಕಿವಿಯವರೆಗೆ ಹೋಗಿತ್ತು, ಇನ್ನೊಂದು ಕೂದಲು ಮುಟ್ಟುವ ಮೊದಲೇ ಚರ್ಮದಲ್ಲಿ ಮಾಯವಾಗಿತ್ತು. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಮುಖ ಒಂದು ಕಡೆ ತಿರುಗಿದ್ದರೆ ನಿಜವಾದ ಚಿತ್ರದಲ್ಲೂ ಒಂದು ಕಡ್ಡಿ ಮರೆಯಾಗುತ್ತದೆ. ದೊಡ್ಡ ಮೈನಸ್ ಪವರ್ ಇದ್ದರೆ ಗಾಜಿನೊಳಗೆ ಕೆನ್ನೆಯ ಅಂಚು ಒಳಕ್ಕೆ ಸರಿದಂತೆ ಕಾಣುತ್ತದೆ. ಅದು ಮಸೂರದ ಗುಣ, ಮೋಸವಲ್ಲ. ಹಾಗೆಯೇ ಬೇಕೆಂದೇ ಬೇರೆ ಬೇರೆ ಓಲೆ ಹಾಕಿಕೊಳ್ಳುವವರೂ ಇದ್ದಾರೆ. ಆದರೆ ಆ ಓಲೆಗಳಿಗೂ ಕೊಂಡಿಯಿರುತ್ತದೆ, ಅಂಚಿರುತ್ತದೆ, ಅವು ಹಾಲೆಯಿಂದ ಬೇರೆಯಾಗಿ ನಿಲ್ಲುತ್ತವೆ.

ಆಮೇಲೆ ಹಲ್ಲು. ನಮ್ಮ ಮೇಲಿನ ಸಾಲಿನ ನಡುವೆ ಎರಡು ದೊಡ್ಡ ಬಾಚಿಹಲ್ಲುಗಳಿವೆ. ಅವುಗಳ ನಡುವಿನ ಸಂದು ಹೆಚ್ಚುಕಡಿಮೆ ಮೂಗಿನ ಕೆಳಗೆ ಬರುತ್ತದೆ. ಮಾಮ ತಂದ ಚಿತ್ರದಲ್ಲಿ ಮೂಗಿನ ನೇರಕ್ಕೆ ಸಂದಿನ ಬದಲು ಒಂದೇ ಹಲ್ಲು ಕುಳಿತಿತ್ತು. ನಾನು ಎಣಿಸಿ ತೋರಿಸಿದೆ. ಒಂದು ಬದಿಯಲ್ಲಿ ಕೋರೆಹಲ್ಲು ಸಿಕ್ಕಿತು, ಇನ್ನೊಂದು ಬದಿಯಲ್ಲಿ ಒಂದೇ ಅಳತೆಯ ಸಣ್ಣ ಹಲ್ಲುಗಳು ಸಾಲಾಗಿ ಹೋಗಿ ಮಬ್ಬಾದವು. ಮಾಮ ತಮ್ಮ ನಾಲಿಗೆಯಿಂದ ತಮ್ಮ ಹಲ್ಲುಗಳನ್ನೇ ಮುಟ್ಟಿ ನೋಡಿಕೊಂಡರು.

ನಾನು ಹೆಚ್ಚು ನಂಬುವ ಗುರುತು ಮಾತ್ರ ಬೇರೆಯೇ. ಆ ಎಪ್ಪತ್ತು ಸಾವಿರ ಚಿತ್ರಗಳನ್ನು ಕಲಿಕೆಗೆ ಮೊದಲು ಒಂದೇ ರೀತಿ ತಿರುಗಿಸಿ, ಕತ್ತರಿಸಿ, ಕಣ್ಣು ಬಾಯಿಗಳು ಒಂದೇ ಜಾಗಕ್ಕೆ ಬರುವಂತೆ ಹೊಂದಿಸಿದ್ದರು. ಹಾಗಾಗಿ ಅದು ಹುಟ್ಟಿಸುವ ಮುಖಗಳಲ್ಲೂ ಕಣ್ಣುಗಳು ಹೆಚ್ಚುಕಡಿಮೆ ಅದೇ ಜಾಗದಲ್ಲಿರುತ್ತವೆ. ಆ ಮಹಿಳೆಯ “ತಂಡದವರು” ಎಂದು ಮಾಮನಿಗೆ ಇನ್ನೂ ಮೂವರ ಚಿತ್ರಗಳು ಬಂದಿದ್ದವು. ನಾಲ್ಕನ್ನೂ ಒಂದೇ ಅಳತೆಗೆ ತಂದು, ಅರೆಪಾರದರ್ಶಕ ಮಾಡಿ, ಒಂದರ ಮೇಲೊಂದು ಇಟ್ಟೆ. ಕೂದಲು, ಗಲ್ಲ, ಭುಜ ಎಲ್ಲ ಕಲಸಿಹೋದವು. ಎಂಟು ಕಣ್ಣುಗಳು ಮಾತ್ರ ಎರಡೇ ಕಣ್ಣುಗಳಾಗಿ ನಿಂತವು. ನಾಲ್ವರನ್ನು ಒಂದೇ ಸ್ಟೂಲಿನ ಮೇಲೆ ಕೂರಿಸಿ ತೆಗೆದರೂ ನನ್ನ ಕ್ಯಾಮೆರಾದಲ್ಲಿ ಹಾಗೆ ಬರುವುದಿಲ್ಲ.

ಚಿತ್ರವನ್ನು ಮತ್ತೆ ಕತ್ತರಿಸಿದ್ದರೆ ಈ ಪರೀಕ್ಷೆ ಕೈಕೊಡುತ್ತದೆ. ಹೊಸ ವಿಧಾನಗಳು ಓಲೆಯ ಜೋಡಿಯನ್ನೂ ಹಲ್ಲಿನ ಸಾಲನ್ನೂ ಬಹಳಷ್ಟು ಸರಿಯಾಗಿಯೇ ಬರೆಯುತ್ತವೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ಟೈಲ್‌ಗ್ಯಾನಿನ ಎರಡನೆಯ ಆವೃತ್ತಿಯ ಮುಖಗಳನ್ನು ನಿಜವಾದವುಗಳಿಂದ ಬೇರ್ಪಡಿಸಲು ಹೋದ ಜನರು ಸರಿಯಾಗಿ ಹೇಳಿದ್ದು ನೂರರಲ್ಲಿ ಸುಮಾರು 48. ಗುರುತುಗಳನ್ನು ಕಲಿಸಿಕೊಟ್ಟ ಇನ್ನೊಂದು ಗುಂಪಿನಲ್ಲೂ ಅದು 59ರ ಹತ್ತಿರ ನಿಂತಿತು. ಆದ್ದರಿಂದ ಓಲೆ ತಪ್ಪಿದ್ದರೆ ನಾನು ಅನುಮಾನಪಡುತ್ತೇನೆ. ಓಲೆ ಸರಿಯಿದೆ ಎಂದು ಯಾವ ಮುಖಕ್ಕೂ ಪ್ರಮಾಣಪತ್ರ ಕೊಡುವುದಿಲ್ಲ.

ಮಾಮ ಪರದೆಯನ್ನು ಬಹಳ ಹೊತ್ತು ನೋಡಿದರು. ಮರುದಿನ ಎರಡು ಲಕ್ಷ ರೂಪಾಯಿ ಕಳಿಸುವುದಾಗಿ ಅವರು ಮಾತು ಕೊಟ್ಟಿದ್ದರಂತೆ. ಆ ನಾಲ್ಕು ಮುಖಗಳ ಕಲಸಿದ ಚಿತ್ರದ ಒಂದು ಪ್ರತಿ ಕೇಳಿದರು, ಪೊಲೀಸ್ ಠಾಣೆಯಲ್ಲಿ ತೋರಿಸಲು. ಪಾಸ್‌ಪೋರ್ಟ್ ಕಾಗದದ ಮೇಲೆಯೇ ಮುದ್ರಿಸಿ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕೊಟ್ಟೆ.

ನಮಸ್ಕಾರ.